ಸ್ಟಡಿ ಪರ್ಮಿಟ್ ನಿರಾಕರಣೆ: ಅಧಿಕಾರಿಯ ಕಾರಣಗಳನ್ನು ಓದುವುದು, ಪ್ರಶ್ನಿಸುವುದು ಹೇಗೆ

ಕೆನಡಾದ ವಲಸೆ ಇಲಾಖೆ ಕಳಿಸುವ ಸ್ಟಡಿ ಪರ್ಮಿಟ್ ನಿರಾಕರಣೆ ಪತ್ರಗಳನ್ನು ನಾಲ್ಕಾರು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಎಲ್ಲವೂ ಒಂದೇ ಅಚ್ಚಿನಿಂದ ಬಂದಂತಿರುತ್ತವೆ. ವಲಸೆ ಮತ್ತು ನಿರಾಶ್ರಿತರ ರಕ್ಷಣಾ ನಿಯಮಾವಳಿಯ 216(1)(ಬಿ) ನಿಯಮವನ್ನು ಉಲ್ಲೇಖಿಸಿ, ವಾಸ್ತವ್ಯದ ಅವಧಿ ಮುಗಿದ ಮೇಲೆ ಅರ್ಜಿದಾರರು ಕೆನಡಾ ಬಿಟ್ಟು ಹೊರಡುತ್ತಾರೆಂದು ಮನವರಿಕೆಯಾಗಿಲ್ಲ ಎನ್ನುವ ಒಂದು ವಾಕ್ಯವಿರುತ್ತದೆ. ಅದರ ಕೆಳಗೆ ಭೇಟಿಯ ಉದ್ದೇಶ, ಕೌಟುಂಬಿಕ ನಂಟು, ಆಸ್ತಿ ಮತ್ತು ಹಣಕಾಸಿನ ಸ್ಥಿತಿ ಎಂಬಂಥ ಒಂದೆರಡು ಅಂಶಗಳನ್ನು ಹೆಸರಿಸಲಾಗಿರುತ್ತದೆ. ತಿಂಗಳುಗಟ್ಟಲೆ ದಾಖಲೆ ಕೂಡಿಸಿದ ವಿದ್ಯಾರ್ಥಿಗೆ ಈ ಪತ್ರ ತನ್ನ ಯೋಗ್ಯತೆಯ ಮೇಲೆ ಬಂದ ತೀರ್ಪಿನಂತೆ ಕಾಣುವುದು ಸಹಜ. ಕಾನೂನು ಅದನ್ನು ಹಾಗೆ ನೋಡುವುದಿಲ್ಲ. ಶಾಸನವು ಒಬ್ಬ ಅಧಿಕಾರಿಗೆ ಕೊಟ್ಟಿರುವ ಅಧಿಕಾರವನ್ನು, ಒಂದು ನಿರ್ದಿಷ್ಟ ಕಡತವನ್ನು ಮುಂದಿಟ್ಟುಕೊಂಡು, ಒಂದು ನಿರ್ದಿಷ್ಟ ದಿನ ಚಲಾಯಿಸಿದ ಆಡಳಿತಾತ್ಮಕ ನಿರ್ಧಾರ ಅದು. ಅಂಥ ನಿರ್ಧಾರಕ್ಕೆ ಕಾರಣಗಳಿರಬೇಕು, ಮತ್ತು ಆ ಕಾರಣಗಳು ಕಡತದಲ್ಲಿರುವ ಸಂಗತಿಗಳಿಂದಲೇ ಹುಟ್ಟಿರಬೇಕು. ನಿರಾಕರಣೆಯನ್ನು ಪ್ರಶ್ನಿಸುವ ಎಲ್ಲ ದಾರಿಗಳೂ ಈ ಒಂದು ಅಗತ್ಯದಿಂದಲೇ ಶುರುವಾಗುತ್ತವೆ.

ಮೊದಲಿಗೆ ಅಧಿಕಾರಿಯ ಕೆಲಸವೇನು ಎಂಬುದನ್ನು ನೋಡೋಣ. ವಲಸೆ ಮತ್ತು ನಿರಾಶ್ರಿತರ ರಕ್ಷಣಾ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಅರ್ಜಿದಾರರು ಶಾಸನದ ಎಲ್ಲ ಅಗತ್ಯಗಳನ್ನು ಪೂರೈಸಿದ್ದಾರೆ ಎಂದು ಅಧಿಕಾರಿಗೆ ಮನವರಿಕೆಯಾಗಬೇಕು, ಮತ್ತು ಮನವರಿಕೆ ಮಾಡಿಕೊಡುವ ಹೊಣೆ ಪೂರ್ತಿಯಾಗಿ ಅರ್ಜಿದಾರರದ್ದು. ವಿದ್ಯಾರ್ಥಿಯ ಮಟ್ಟಿಗೆ ಎರಡು ನಿಯಮಗಳು ಮುಖ್ಯ. ಮೇಲೆ ಹೇಳಿದ 216(1)(ಬಿ) ಅವಧಿ ಮುಗಿದ ಮೇಲೆ ಮರಳಿ ಹೋಗುವುದನ್ನು ಕುರಿತದ್ದು. 220ನೇ ನಿಯಮವು ಕೆನಡಾದಲ್ಲಿ ದುಡಿಯದೆಯೇ ಶುಲ್ಕ ಕಟ್ಟುವ, ಜೀವನ ಸಾಗಿಸುವ, ಹೋಗಿಬರುವ ಖರ್ಚು ಭರಿಸುವ ಶಕ್ತಿ ಇದೆಯೇ ಎಂದು ಕೇಳುತ್ತದೆ. 2025ರ ಸೆಪ್ಟೆಂಬರ್ 1ರಿಂದ, ಕ್ವಿಬೆಕ್ ಹೊರತುಪಡಿಸಿ ಬೇರೆಡೆ ಒಬ್ಬಂಟಿಯಾಗಿ ಹೋಗುವ ವಿದ್ಯಾರ್ಥಿ ಒಂದು ವರ್ಷದ ಜೀವನ ವೆಚ್ಚಕ್ಕೆಂದು 22,895 ಕೆನಡಿಯನ್ ಡಾಲರ್ ತೋರಿಸಬೇಕು. ಶುಲ್ಕ ಮತ್ತು ಪ್ರಯಾಣದ ಖರ್ಚು ಇದರ ಮೇಲೆ ಬೇರೆ. ಹಣದ ಪ್ರಶ್ನೆಗೆ ಹೀಗೆ ಒಂದು ಅಂಕಿಯಿದೆ. ಮರಳಿ ಹೋಗುವ ಪ್ರಶ್ನೆಗೆ ಅಂಥ ಅಳತೆಗೋಲಿಲ್ಲ, ಅದು ಒಬ್ಬರ ಮುಂದಿನ ನಡೆಯ ಬಗ್ಗೆ ಇನ್ನೊಬ್ಬರು ಮಾಡುವ ಊಹೆ. ನಿರಾಕರಣೆಗಳಲ್ಲಿ ಈ ನಿಯಮವೇ ಮತ್ತೆ ಮತ್ತೆ ಕಾಣಿಸಿಕೊಳ್ಳಲು ಇದೂ ಒಂದು ಕಾರಣವೆಂದು ನನಗನ್ನಿಸುತ್ತದೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮುಂದೊಂದು ದಿನ ಕಾಯಂ ನಿವಾಸಿಯಾಗುವ ಆಸೆ ಇರುವುದೇ ನಿರಾಕರಣೆಗೆ ಕಾರಣವಾಗುವಂತಿಲ್ಲ. ಅನುಮತಿಯ ಅವಧಿ ಮುಗಿದಾಗ ಹೊರಡುತ್ತಾರೆಂಬ ನಂಬಿಕೆ ಬಂದರೆ ಆ ಆಸೆ ಅಡ್ಡಿಯಲ್ಲ ಎಂದು ಕಾಯ್ದೆಯ 22(2) ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ.

ಈ ನಿರ್ಧಾರದ ವಿರುದ್ಧ ಮೇಲ್ಮನವಿ ಇಲ್ಲ. ವಲಸೆ ಮೇಲ್ಮನವಿ ವಿಭಾಗ ಎಂಬ ನ್ಯಾಯಮಂಡಳಿ ಕೆನಡಾದಲ್ಲಿ ಇದೆಯಾದರೂ, ಕುಟುಂಬದವರನ್ನು ಪ್ರಾಯೋಜಿಸುವವರು, ಗಡಿಪಾರು ಆದೇಶ ಎದುರಿಸುತ್ತಿರುವ ಕಾಯಂ ನಿವಾಸಿಗಳು ಮೊದಲಾದವರಷ್ಟೇ ಅಲ್ಲಿಗೆ ಹೋಗಬಹುದು. ಸ್ಟಡಿ ಪರ್ಮಿಟ್ ಸಿಗದವರಿಗೆ ಆ ಬಾಗಿಲು ತೆರೆಯುವುದಿಲ್ಲ. ಅವರಿಗಿರುವುದು ಕಾಯ್ದೆಯ 72ನೇ ಸೆಕ್ಷನ್ ಪ್ರಕಾರ ಫೆಡರಲ್ ಕೋರ್ಟ್‌ನಲ್ಲಿ ನ್ಯಾಯಿಕ ಪರಿಶೀಲನೆ ಕೋರುವ ಹಕ್ಕು, ಅದಕ್ಕೂ ಮೊದಲು ನ್ಯಾಯಾಲಯದ ಅನುಮತಿ ಬೇಕು. ಮೇಲ್ಮನವಿಗೂ ನ್ಯಾಯಿಕ ಪರಿಶೀಲನೆಗೂ ಇರುವ ಅಂತರ ಇಲ್ಲಿ ನಿರ್ಣಾಯಕವಾದದ್ದು. ಮೇಲ್ಮನವಿಯಲ್ಲಾದರೆ ಈ ವಿದ್ಯಾರ್ಥಿಗೆ ಪರ್ಮಿಟ್ ಕೊಡಬೇಕೇ ಎಂಬ ಪ್ರಶ್ನೆಯನ್ನೇ ಮತ್ತೊಮ್ಮೆ ಪರಿಗಣಿಸಲು ಅವಕಾಶವಿರುತ್ತದೆ. ನ್ಯಾಯಿಕ ಪರಿಶೀಲನೆಯಲ್ಲಿ ನ್ಯಾಯಾಧೀಶರು ಕೇಳುವುದು ಬೇರೆ: ಈ ಕಡತವನ್ನು ನೋಡಿದ ಅಧಿಕಾರಿ, ತಾನು ಬರೆದ ಕಾರಣಗಳ ಮೂಲಕ, ಈ ತೀರ್ಮಾನಕ್ಕೆ ತಲುಪಿದ್ದು ಸಮಂಜಸವೇ?

ಆ ಸಮಂಜಸತೆಯನ್ನು ಅಳೆಯುವ ಬಗೆಯನ್ನು ಕೆನಡಾದ ಸುಪ್ರೀಂ ಕೋರ್ಟ್ 2019ರ ಡಿಸೆಂಬರ್‌ನಲ್ಲಿ ವಾವಿಲೋವ್ ಪ್ರಕರಣದಲ್ಲಿ ವಿವರವಾಗಿ ನಿರೂಪಿಸಿತು. ಟೊರಾಂಟೊದಲ್ಲಿ ಹುಟ್ಟಿದ ಅಲೆಕ್ಸಾಂಡರ್ ವಾವಿಲೋವ್ ಅವರ ತಂದೆತಾಯಿ ರಷ್ಯಾದ ಗೂಢಚಾರರಾಗಿದ್ದರೆಂದು ತಿಳಿದ ಮೇಲೆ ಅವರ ಪೌರತ್ವ ಪ್ರಮಾಣಪತ್ರವನ್ನು ಅಧಿಕಾರಿ ರದ್ದುಪಡಿಸಿದ್ದರು. ಆ ರದ್ದತಿ ಸಮಂಜಸವಲ್ಲ ಎಂದು ನ್ಯಾಯಾಲಯ ಹೇಳಿತು. ಹಾಗೆ ಹೇಳುವಾಗ, ಆಡಳಿತಾತ್ಮಕ ನಿರ್ಧಾರವೊಂದು ಸಮರ್ಥನೆಯುಳ್ಳದ್ದೂ ಪಾರದರ್ಶಕವೂ ಅರ್ಥವಾಗುವಂಥದ್ದೂ ಆಗಿರಬೇಕು, ಅದರ ತರ್ಕದ ಕೊಂಡಿಗಳು ಒಂದಕ್ಕೊಂದು ಹೊಂದಿಕೊಂಡಿರಬೇಕು, ಅನ್ವಯವಾಗುವ ಕಾನೂನಿಗೂ ಸಂಗತಿಗಳಿಗೂ ಅದು ಉತ್ತರಿಸುವಂತಿರಬೇಕು ಎಂಬ ಚೌಕಟ್ಟನ್ನು ಹಾಕಿಕೊಟ್ಟಿತು. ಇದರ ಇನ್ನೊಂದು ಮುಖವನ್ನು ವಿದ್ಯಾರ್ಥಿಗಳು ಅಷ್ಟೇ ಗಮನವಿಟ್ಟು ತಿಳಿಯಬೇಕು. ನಿರ್ಧಾರ ಸಮಂಜಸವಲ್ಲವೆಂದು ತೋರಿಸುವ ಹೊಣೆ ಪ್ರಶ್ನಿಸುವವರದ್ದು. ನ್ಯಾಯಾಲಯ ಸಾಕ್ಷ್ಯವನ್ನು ಹೊಸದಾಗಿ ತೂಗುವುದಿಲ್ಲ. ಸಾಲುಸಾಲಿನಲ್ಲೂ ತಪ್ಪು ಹೆಕ್ಕುವ ಕೆಲಸವನ್ನೂ ಮಾಡುವುದಿಲ್ಲ. ದೋಷವು ನಿರ್ಧಾರದ ಬುಡವನ್ನೇ ಅಲ್ಲಾಡಿಸುವಷ್ಟು ಗಂಭೀರವಾಗಿರಬೇಕು.

ಹಾಗಾದರೆ ಪರಿಶೀಲನೆಗೆ ಒಳಪಡುವ ಕಾರಣಗಳು ಇರುವುದೆಲ್ಲಿ? ನಿರಾಕರಣೆ ಪತ್ರದಲ್ಲಿ ಅವು ಹೆಸರಿಗಷ್ಟೇ ಇರುತ್ತವೆ. ಅಧಿಕಾರಿ ನಿಜವಾಗಿ ಯೋಚಿಸಿದ್ದೇನು ಎಂಬುದು ಇಲಾಖೆಯ ಕಂಪ್ಯೂಟರ್ ವ್ಯವಸ್ಥೆಯಾದ ಜಿಸಿಎಂಎಸ್‌ನಲ್ಲಿ ದಾಖಲಾಗುವ ಟಿಪ್ಪಣಿಯಲ್ಲಿರುತ್ತದೆ, ಮತ್ತು ಪತ್ರವನ್ನೂ ಈ ಟಿಪ್ಪಣಿಯನ್ನೂ ಸೇರಿಸಿ ನಿರ್ಧಾರದ ಕಾರಣಗಳೆಂದು ನ್ಯಾಯಾಲಯ ಪರಿಗಣಿಸುತ್ತದೆ. ಹತ್ತು ಹದಿನೈದು ಸಾಲಿನ ಈ ಟಿಪ್ಪಣಿಯನ್ನು ನೋಡದೆ ಮುಂದಿನ ಹೆಜ್ಜೆ ಇಡುವುದು ರೋಗ ತಿಳಿಯದೆ ಔಷಧಿ ನುಂಗಿದಂತೆ. 2025ರ ಜುಲೈ ಅಂತ್ಯದಿಂದ ಇಲಾಖೆಯು ಸ್ಟಡಿ ಪರ್ಮಿಟ್ ಸೇರಿದಂತೆ ಕೆಲವು ಬಗೆಯ ಅರ್ಜಿಗಳಲ್ಲಿ ನಿರಾಕರಣೆ ಪತ್ರದ ಜೊತೆಗೇ ಅಧಿಕಾರಿಯ ಟಿಪ್ಪಣಿಯನ್ನು ಕಳಿಸುವ ಪದ್ಧತಿ ಆರಂಭಿಸಿದೆ. ಆದರೆ ಎಲ್ಲ ಅರ್ಜಿಗಳಿಗೂ ಅದು ಬರುತ್ತದೆಂದಿಲ್ಲ. ಬರದಿದ್ದರೆ ಮಾಹಿತಿ ಕೋರಿಕೆ ಸಲ್ಲಿಸಿ ಪಡೆಯಬೇಕು. ಕೆನಡಾದಲ್ಲಿರುವವರು 5 ಡಾಲರ್ ಶುಲ್ಕದಲ್ಲಿ ಮಾಹಿತಿ ಹಕ್ಕಿನ ಕಾಯ್ದೆಯಡಿ ಕೇಳಬಹುದು. ಕೆನಡಾದ ಹೊರಗಿರುವ ವಿದೇಶೀಯರೂ ತಮ್ಮ ಕಡತವನ್ನು ಖಾಸಗಿತನ ಕಾಯ್ದೆಯಡಿ ಶುಲ್ಕವಿಲ್ಲದೆ ಕೇಳಲು 2022ರಿಂದ ಅವಕಾಶವಿದೆ. ಉತ್ತರಿಸಲು ಇಲಾಖೆಗೆ ಶಾಸನ ಕೊಡುವ ಕಾಲ ಸಾಮಾನ್ಯವಾಗಿ 30 ದಿನ, ಅದು ಮೀರುವುದೂ ಉಂಟು.

ಇನ್ನು ಒಂದು ಪ್ರಕರಣವನ್ನು ಹೆಜ್ಜೆಹೆಜ್ಜೆಯಾಗಿ ನೋಡೋಣ. ಇದು ವಿವರಣೆಗೆಂದು ನಾನು ಕಟ್ಟಿಕೊಂಡದ್ದು, ಆದರೆ ಇದರ ಒಂದೊಂದು ಎಳೆಯೂ ಫೆಡರಲ್ ಕೋರ್ಟ್‌ನ ತೀರ್ಪುಗಳಲ್ಲಿ ಮರಳಿ ಮರಳಿ ಬರುವಂಥದ್ದು. ಇಪ್ಪತ್ತೇಳು ವರ್ಷದ ಒಬ್ಬ ಅರ್ಜಿದಾರಳು ವಾಣಿಜ್ಯ ಪದವೀಧರೆ. ಸರಕು ಸಾಗಣೆ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ನಾಲ್ಕು ವರ್ಷ ದುಡಿದಿದ್ದಾಳೆ. ಕೆನಡಾದ ಕಾಲೇಜೊಂದರಲ್ಲಿ ಸಪ್ಲೈ ಚೈನ್ ನಿರ್ವಹಣೆಯ ಎರಡು ವರ್ಷದ ಡಿಪ್ಲೊಮಾಗೆ ಸೀಟು ಸಿಕ್ಕಿದೆ. ಮೊದಲ ವರ್ಷದ ಶುಲ್ಕ 18,000 ಡಾಲರ್, ಅದರಲ್ಲಿ 9,000 ಕಟ್ಟಿಯಾಗಿದೆ. ಖಾತೆಯಲ್ಲಿ 42,000 ಡಾಲರ್‌ಗೆ ಸಮನಾದ ಹಣವಿದೆ. ಬಾಕಿ ಶುಲ್ಕ 9,000, ಜೀವನ ವೆಚ್ಚ 22,895, ಪ್ರಯಾಣಕ್ಕೆ 2,000 ಎಂದಿಟ್ಟುಕೊಂಡರೆ ಮೊದಲ ವರ್ಷಕ್ಕೆ ಬೇಕಾದದ್ದು 33,895. ಹಾಗಾಗಿ ಹಣ ಸಾಕಷ್ಟಿದೆ. ಆದರೆ ಖಾತೆಯಲ್ಲಿರುವ ಹಣದಲ್ಲಿ 20,000 ಅರ್ಜಿಗೆ ಎರಡು ತಿಂಗಳ ಮೊದಲು ಒಂದೇ ಸಲ ಜಮೆಯಾದದ್ದು. ಅವಧಿ ಮುಗಿದ ನಿಶ್ಚಿತ ಠೇವಣಿಯಿಂದ ಅದು ಬಂದಿದೆ, ಮತ್ತು ಬ್ಯಾಂಕಿನ ಪ್ರಮಾಣಪತ್ರವನ್ನು ಆಕೆ ಕಡತದಲ್ಲಿ ಸೇರಿಸಿದ್ದಾಳೆ. ಡಿಪ್ಲೊಮಾ ಮುಗಿಸಿ ಬಂದರೆ ಕಾರ್ಯಾಚರಣೆ ವಿಭಾಗದ ಮೇಲ್ವಿಚಾರಕ ಹುದ್ದೆ ಕೊಡುವುದಾಗಿ ಅವಳ ಕಂಪನಿ ಬರೆದುಕೊಟ್ಟ ಪತ್ರವೂ ಅದರಲ್ಲಿದೆ.

ಅರ್ಜಿ ನಿರಾಕರಣೆಯಾಗುತ್ತದೆ. ಟಿಪ್ಪಣಿಯ ಸಾರ ಹೀಗಿದೆ: ಅರ್ಜಿದಾರಳ ಹಿಂದಿನ ಓದು ಮತ್ತು ಕೆಲಸ ಲೆಕ್ಕಪತ್ರಕ್ಕೆ ಸಂಬಂಧಿಸಿದ್ದು, ಆದ್ದರಿಂದ ಈ ಕೋರ್ಸ್ ಅದರ ಸಹಜ ಮುಂದುವರಿಕೆಯಾಗಿ ಕಾಣುವುದಿಲ್ಲ. ಆಕೆ ಅವಿವಾಹಿತೆ, ಅವಲಂಬಿತರಿಲ್ಲ, ಎಲ್ಲಿಗೆ ಬೇಕಾದರೂ ಹೋಗಿ ನೆಲೆಸಬಲ್ಲಳು. ಖಾತೆಯಲ್ಲಿ ಇತ್ತೀಚಿನ ದೊಡ್ಡ ಜಮೆಯಿದೆ, ಅದರ ಮೂಲ ತಿಳಿಯದು. ಎಲ್ಲ ಅಂಶಗಳನ್ನು ತೂಗಿ ನೋಡಿದಾಗ ಅವಧಿ ಮುಗಿದ ಮೇಲೆ ಹೊರಡುತ್ತಾಳೆಂದು ಮನವರಿಕೆಯಾಗಿಲ್ಲ.

ಈ ಟಿಪ್ಪಣಿಯನ್ನು ಓದುವ ಕ್ರಮವೆಂದರೆ ಪ್ರತಿಯೊಂದು ವಾಕ್ಯವನ್ನೂ ಕಡತದ ಪಕ್ಕದಲ್ಲಿಟ್ಟು ನೋಡುವುದು. ಹಣದ ವಾಕ್ಯದಿಂದ ಆರಂಭಿಸೋಣ, ಏಕೆಂದರೆ ಅಲ್ಲಿ ದೋಷ ಅತ್ಯಂತ ನಿಚ್ಚಳವಾಗಿದೆ. ಜಮೆಯ ಮೂಲ ತಿಳಿಯದು ಎಂದು ಅಧಿಕಾರಿ ಬರೆದಿದ್ದಾರೆ, ಮೂಲವನ್ನು ಹೇಳುವ ಬ್ಯಾಂಕಿನ ಪ್ರಮಾಣಪತ್ರ ಕಡತದಲ್ಲೇ ಇದೆ. ಅಧಿಕಾರಿ ಕಡತದ ಪ್ರತಿಯೊಂದು ಹಾಳೆಯನ್ನೂ ಹೆಸರಿಸಬೇಕಾಗಿಲ್ಲ; ಎಲ್ಲವನ್ನೂ ನೋಡಿದ್ದಾರೆಂದೇ ನ್ಯಾಯಾಲಯ ಭಾವಿಸುತ್ತದೆ. ಆದರೆ 1998ರ ಸೆಪೆಡಾ-ಗುಟಿಯೆರೆಜ್ ತೀರ್ಪಿನಿಂದಲೂ ಫೆಡರಲ್ ಕೋರ್ಟ್ ಪಾಲಿಸಿಕೊಂಡು ಬಂದಿರುವ ತತ್ವವೊಂದಿದೆ: ಉಲ್ಲೇಖಿಸದೆ ಬಿಟ್ಟ ದಾಖಲೆ ಎಷ್ಟು ಮುಖ್ಯವಾದದ್ದೋ, ಅದನ್ನು ನೋಡದೆಯೇ ತೀರ್ಮಾನಿಸಿದ್ದಾರೆ ಎಂದು ಊಹಿಸುವುದಕ್ಕೆ ಅಷ್ಟು ಹೆಚ್ಚು ಅವಕಾಶವಿದೆ. ಇಲ್ಲಿ ದಾಖಲೆ ತೀರ್ಮಾನಕ್ಕೆ ನೇರವಾಗಿ ವಿರುದ್ಧವಾಗಿದೆ. ಆ ಜಮೆಯನ್ನು ಕಳೆದರೆ ಖಾತೆಯಲ್ಲಿ ಉಳಿಯುವುದು 22,000, ಅದು ಬೇಕಾದ ಮೊತ್ತಕ್ಕಿಂತ ಬಹಳ ಕಡಿಮೆ. ಹಾಗಾಗಿ ಇದನ್ನು ಚಿಲ್ಲರೆ ತಪ್ಪೆಂದು ತಳ್ಳಿಹಾಕಲೂ ಆಗದು.

ಕೋರ್ಸಿನ ಬಗೆಗಿನ ವಾಕ್ಯ ಇದಕ್ಕಿಂತ ನಾಜೂಕಾದದ್ದು. ಓದಿಗೂ ಕೆಲಸಕ್ಕೂ ಹೊಂದಿಕೆಯಿದೆಯೇ ಎಂದು ನೋಡುವುದಕ್ಕೆ ಅಧಿಕಾರಿಗೆ ಅಧಿಕಾರವಿದೆ. ಆದರೆ ವೀಸಾ ಅಧಿಕಾರಿಯ ಕೆಲಸ ವೃತ್ತಿ ಮಾರ್ಗದರ್ಶನವಲ್ಲ ಎಂದು ಫೆಡರಲ್ ಕೋರ್ಟ್ ಹೇಳಿದ್ದುಂಟು. ಕ್ಷೇತ್ರ ಬದಲಿಸುವುದೇ ಅನುಮಾನಕ್ಕೆ ಸಾಕ್ಷಿಯಾಗಲಾರದು. ಈ ಪ್ರಕರಣದಲ್ಲಿ ಕೇಳಬೇಕಾದ ಪ್ರಶ್ನೆ ಕಂಪನಿಯ ಪತ್ರ ಎಲ್ಲಿ ಹೋಯಿತು ಎಂಬುದು. ಸರಕು ಸಾಗಣೆ ಕಂಪನಿಯಲ್ಲಿ ಲೆಕ್ಕ ನೋಡುವವಳು ಅದೇ ಕಂಪನಿಯ ಕಾರ್ಯಾಚರಣೆಗೆ ಬಡ್ತಿ ಪಡೆಯಲು ಈ ಕೋರ್ಸ್ ಓದುತ್ತಾಳೆ ಎಂಬುದು ಅವಳ ಇಡೀ ಅಧ್ಯಯನ ಯೋಜನೆಯ ತಿರುಳು. ಆ ಪತ್ರವನ್ನು ನೋಡಿ, ಅದು ಏಕೆ ಸಾಲದು ಎಂದು ಅಧಿಕಾರಿ ಒಂದು ವಾಕ್ಯ ಬರೆದಿದ್ದರೂ ನ್ಯಾಯಾಲಯ ಆ ತೂಕವನ್ನು ಬದಲಿಸಲು ಮುಂದಾಗುತ್ತಿರಲಿಲ್ಲ. ಏನನ್ನೂ ಹೇಳದಿರುವುದರಿಂದಲೇ ಪ್ರಶ್ನೆ ಹುಟ್ಟುತ್ತದೆ. ಅರ್ಜಿಗಳ ರಾಶಿಯ ನಡುವೆ ಕೆಲಸ ಮಾಡುವ ಅಧಿಕಾರಿಯಿಂದ ಉದ್ದುದ್ದ ವಿವರಣೆ ಯಾರೂ ನಿರೀಕ್ಷಿಸುವುದಿಲ್ಲ. ಕಾರಣ ಚಿಕ್ಕದಿರಬಹುದು, ಆದರೆ ಅರ್ಜಿಯ ನಡುಗಂಬವನ್ನು ಅದು ಮುಟ್ಟಿರಬೇಕು.

ಅವಿವಾಹಿತೆ, ಅವಲಂಬಿತರಿಲ್ಲ ಎಂಬ ಮಾತು ಸಂಗತಿಯಾಗಿ ನಿಜ. ಅದರಿಂದ ಆಕೆ ಮರಳುವುದಿಲ್ಲ ಎಂಬಲ್ಲಿಗೆ ಹೋಗುವ ಸೇತುವೆ ಟಿಪ್ಪಣಿಯಲ್ಲಿಲ್ಲ. ಸ್ಟಡಿ ಪರ್ಮಿಟ್ ಕೇಳುವವರಲ್ಲಿ ಬಹುಪಾಲು ಜನ ಚಿಕ್ಕ ವಯಸ್ಸಿನವರು, ಮದುವೆಯಾಗದವರು. ಆ ಗುಣವೊಂದನ್ನೇ ಅವರ ವಿರುದ್ಧ ಎಣಿಸಿದರೆ ಯಾವ ವಿದ್ಯಾರ್ಥಿಯೂ ದಾಟಲಾರ. ಬೇರೆ ವಿಶ್ಲೇಷಣೆಯಿಲ್ಲದೆ ಇದನ್ನು ಪ್ರತಿಕೂಲ ಅಂಶವಾಗಿ ಎಣಿಸುವುದು ಸರಿಯಲ್ಲವೆಂದು ಫೆಡರಲ್ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ಹಿಂದೆ ವಿದೇಶ ಪ್ರಯಾಣ ಮಾಡದಿರುವುದನ್ನೂ ಹೆಚ್ಚೆಂದರೆ ತಟಸ್ಥ ಅಂಶವೆಂದೇ ಅದು ನೋಡುತ್ತ ಬಂದಿದೆ.

ಇಂಥ ಸಿದ್ಧ ವಾಕ್ಯಗಳು ಬೇರೆ ಬೇರೆ ಜನರ ಕಡತಗಳಲ್ಲಿ ಒಂದೇ ರೀತಿ ಕಾಣಿಸಿಕೊಳ್ಳುವುದಕ್ಕೆ ಇಲಾಖೆಯ ಕೆಲಸದ ರೀತಿಯೂ ಕಾರಣ. 2018ರಿಂದ ಅಧಿಕಾರಿಗಳು ಬಳಸುತ್ತಿರುವ ಚಿನೂಕ್ ಎಂಬ ಸ್ಪ್ರೆಡ್‌ಶೀಟ್ ಆಧಾರಿತ ಸಾಧನವು ಅನೇಕ ಅರ್ಜಿಗಳ ವಿವರಗಳನ್ನು ಒಟ್ಟಿಗೆ ತೋರಿಸುತ್ತದೆ, ಟಿಪ್ಪಣಿಗೆ ಬೇಕಾದ ಸಿದ್ಧ ವಾಕ್ಯಗಳನ್ನೂ ಒದಗಿಸುತ್ತದೆ. ಈ ಸಾಧನವನ್ನು ಬಳಸಿದ್ದೇ ತಪ್ಪು ಎಂದು ವಾದಿಸಿ ಗೆಲ್ಲುವುದು ಕಷ್ಟ. ಸಿದ್ಧ ವಾಕ್ಯವು ಈ ಅರ್ಜಿದಾರರ ಕಡತಕ್ಕೆ ಹೊಂದುತ್ತಿಲ್ಲ ಎಂದು ತೋರಿಸುವುದೇ ಫಲ ಕೊಡುವ ವಾದ.

ಇದೇ ಪ್ರಕರಣವನ್ನು ಒಂದೇ ಒಂದು ಬದಲಾವಣೆಯೊಂದಿಗೆ ನೋಡಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಬ್ಯಾಂಕಿನ ಪ್ರಮಾಣಪತ್ರ ಅರ್ಜಿದಾರಳ ಮನೆಯಲ್ಲಿತ್ತು, ಆದರೆ ಅರ್ಜಿಯೊಂದಿಗೆ ಅದನ್ನು ಸೇರಿಸಲು ಆಕೆ ಮರೆತಿದ್ದಳು ಎಂದುಕೊಳ್ಳಿ. ಆಗ ಹಣದ ಕುರಿತ ವಾಕ್ಯ ಸಂಪೂರ್ಣವಾಗಿ ಸಮಂಜಸ. ಆ ಪ್ರಮಾಣಪತ್ರವನ್ನು ನ್ಯಾಯಾಲಯಕ್ಕೆ ಕೊಟ್ಟು ಈಗಲಾದರೂ ನೋಡಿ ಎನ್ನಲಾಗದು, ಏಕೆಂದರೆ ಪರಿಶೀಲನೆ ನಡೆಯುವುದು ನಿರ್ಧಾರದ ದಿನ ಅಧಿಕಾರಿಯ ಮುಂದಿದ್ದ ದಾಖಲೆಗಳ ಮೇಲೆ ಮಾತ್ರ. ಈ ಕಟ್ಟು ಇನ್ನೊಂದು ಕಡೆಗೂ ಅಷ್ಟೇ ಬಿಗಿಯಾಗಿದೆ: ಟಿಪ್ಪಣಿಯಲ್ಲಿ ಬರೆಯದ ಹೊಸ ಕಾರಣವನ್ನು ಸರ್ಕಾರದ ವಕೀಲರು ನ್ಯಾಯಾಲಯದಲ್ಲಿ ಹೊಸೆದು ಸೇರಿಸುವಂತಿಲ್ಲ, ಅಧಿಕಾರಿಯೂ ಆಮೇಲೆ ಅಫಿಡವಿಟ್ ಸಲ್ಲಿಸಿ ಕೊರತೆಯನ್ನು ತುಂಬುವಂತಿಲ್ಲ. ಹಾಗಾಗಿ ನಿರಾಕರಣೆ ಬಂದಾಗ ಮೊದಲು ವಿಂಗಡಿಸಬೇಕಾದದ್ದು ಇದನ್ನು: ಕೊರತೆ ನನ್ನ ಕಡತದಲ್ಲಿದೆಯೇ, ಅಧಿಕಾರಿಯ ತರ್ಕದಲ್ಲಿದೆಯೇ? ಕಡತದಲ್ಲಿದ್ದರೆ ಹೊಸ ಅರ್ಜಿಯೇ ದಾರಿ, ತರ್ಕದಲ್ಲಿದ್ದರೆ ನ್ಯಾಯಾಲಯ.

ಕಾರಣಗಳ ಜೊತೆಗೆ ನಡೆದ ಕ್ರಮವನ್ನೂ ಪ್ರಶ್ನಿಸಬಹುದು. 1999ರ ಬೇಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಲಸೆ ಅಧಿಕಾರಿಗಳೂ ನ್ಯಾಯಯುತ ಕ್ರಮ ಪಾಲಿಸಬೇಕೆಂದು ಸ್ಪಷ್ಟಪಡಿಸಿತು. ಸ್ಟಡಿ ಪರ್ಮಿಟ್ ವಿಷಯದಲ್ಲಿ ಈ ಹೊಣೆ ಕೆಳಮಟ್ಟದ್ದು, ಸಂದರ್ಶನ ಕೊಡಲೇಬೇಕೆಂದಿಲ್ಲ. ದಾಖಲೆ ಸಾಲದೆ ಹೋದರೆ ಅದನ್ನು ಮುಂಚಿತವಾಗಿ ತಿಳಿಸಿ ಸರಿಪಡಿಸಲು ಅವಕಾಶ ಕೊಡುವ ಬಾಧ್ಯತೆ ಅಧಿಕಾರಿಗಿಲ್ಲ. ಆದರೆ ದಾಖಲೆ ನಕಲಿಯೆಂದೋ ಅರ್ಜಿದಾರರು ಹೇಳುತ್ತಿರುವುದು ನಿಜವಲ್ಲವೆಂದೋ ಅನುಮಾನ ಬಂದರೆ, ಅದನ್ನು ಅವರ ಗಮನಕ್ಕೆ ತಂದು ಉತ್ತರ ಕೇಳಬೇಕು. ಎಷ್ಟೋ ಟಿಪ್ಪಣಿಗಳಲ್ಲಿ ಸಾಕ್ಷ್ಯ ಸಾಲದು ಎಂಬ ಮಾತಿನ ಹಿಂದೆ ನಂಬಿಕೆಯಿಲ್ಲ ಎಂಬ ಅಭಿಪ್ರಾಯ ಅಡಗಿರುತ್ತದೆ. ನಮ್ಮ ಪ್ರಕರಣದಲ್ಲಿ ಅಧಿಕಾರಿ ಕಂಪನಿಯ ಪತ್ರವನ್ನು ಹೆಸರಿಸಿ ಅದು ನೈಜವೆಂದು ತೋರುವುದಿಲ್ಲ ಎಂದು ಬರೆದಿದ್ದರೆ, ಅವಳಿಗೆ ತಿಳಿಸದೆ ಹಾಗೆ ತೀರ್ಮಾನಿಸಿದ್ದೇ ಬೇರೊಂದು ಸ್ವತಂತ್ರ ಆಕ್ಷೇಪವಾಗುತ್ತಿತ್ತು. ಸುಳ್ಳು ಮಾಹಿತಿಯ ಆರೋಪವನ್ನು ಅಧಿಕಾರಿ ಔಪಚಾರಿಕವಾಗಿಯೇ ಎತ್ತಿ, 40ನೇ ಸೆಕ್ಷನ್ ಅಡಿ ನಿರಾಕರಿಸಿದರೆ ಪರಿಣಾಮ ಐದು ವರ್ಷಗಳ ನಿರ್ಬಂಧ. ಅಂಥ ಪತ್ರ ಬಂದವರು ಹೊಸ ಅರ್ಜಿಯ ಬಗ್ಗೆ ಯೋಚಿಸುವ ಮೊದಲೇ ವಕೀಲರನ್ನು ಕಾಣಬೇಕು.

ದಿನಗಳ ಲೆಕ್ಕ ಬಹಳ ಜನರ ಕೈತಪ್ಪಿಸುವ ಸಂಗತಿ. ನಿರ್ಧಾರ ಕೆನಡಾದ ಹೊರಗಿನಿಂದ ಸಲ್ಲಿಸಿದ ಅರ್ಜಿಯದ್ದಾದರೆ, ಅದು ತಿಳಿದ ದಿನದಿಂದ 60 ದಿನಗಳೊಳಗೆ ಅನುಮತಿ ಅರ್ಜಿಯನ್ನು ಫೆಡರಲ್ ಕೋರ್ಟ್‌ಗೆ ಸಲ್ಲಿಸಬೇಕು. ಕೆನಡಾದ ಒಳಗಿನ ಅರ್ಜಿಯಾದರೆ ಸಿಗುವುದು ಬರೀ 15 ದಿನ. ನಮ್ಮ ಅರ್ಜಿದಾರಳಿಗೆ ಮಾರ್ಚ್ 3ರಂದು ಪತ್ರ ಬಂದಿದ್ದರೆ ಕೊನೆಯ ದಿನ ಮೇ 2. ಟಿಪ್ಪಣಿ ಪತ್ರದ ಜೊತೆ ಬರದೆ, ಮರುದಿನವೇ ಮಾಹಿತಿ ಕೋರಿಕೆ ಹಾಕಿದರೂ ಉತ್ತರ ಬರುವಷ್ಟರಲ್ಲಿ ಏಪ್ರಿಲ್ ಬಂದಿರುತ್ತದೆ. ತಡವಾದರೆ ಕಾಯುತ್ತ ಕೂರುವ ಅಗತ್ಯವಿಲ್ಲ. ಕಾರಣಗಳು ಇನ್ನೂ ಕೈಸೇರಿಲ್ಲ ಎಂದು ನಮೂದಿಸಿ ಅರ್ಜಿ ಸಲ್ಲಿಸಿದರೆ, ವಲಸೆ ಪ್ರಕರಣಗಳ ನಿಯಮಾವಳಿಯ 9ನೇ ನಿಯಮದಂತೆ ನ್ಯಾಯಾಲಯದ ಕಚೇರಿಯೇ ಇಲಾಖೆಯಿಂದ ಅವನ್ನು ತರಿಸುತ್ತದೆ. ಮರುಪರಿಶೀಲಿಸಿ ಎಂದು ಇಲಾಖೆಗೇ ಪತ್ರ ಬರೆಯುವ ಇನ್ನೊಂದು ದಾರಿಯೂ ಇದೆ. ಎದ್ದು ಕಾಣುವ ತಪ್ಪಿದ್ದಾಗ, ಉದಾಹರಣೆಗೆ ಕಡತದಲ್ಲಿರುವ ಪ್ರವೇಶ ಪತ್ರವನ್ನೇ ಇಲ್ಲ ಎಂದಾಗ, ಅದು ಉಪಯೋಗಕ್ಕೆ ಬರಬಹುದು. ಆದರೆ ಉತ್ತರಿಸುವ ಗಡುವು ಇಲಾಖೆಗಿಲ್ಲ, ಆ ಪತ್ರ ಬರೆದಿರುವುದರಿಂದ 60 ದಿನಗಳ ಗಡಿಯಾರ ನಿಲ್ಲುವುದೂ ಇಲ್ಲ. ವಿಶೇಷ ಕಾರಣವಿದ್ದರೆ ನ್ಯಾಯಾಲಯ ಕಾಲಾವಕಾಶ ವಿಸ್ತರಿಸಬಹುದು, ಆದರೆ ಇಲಾಖೆಯ ಉತ್ತರಕ್ಕೆ ಕಾದೆ ಎಂಬುದು ಗಟ್ಟಿಯಾದ ವಿಶೇಷ ಕಾರಣವಲ್ಲ.

ನ್ಯಾಯಾಲಯದ ಶುಲ್ಕ 50 ಡಾಲರ್. ನಿಜವಾದ ಖರ್ಚು ವಕೀಲರದ್ದು, ಮತ್ತು ಗೆದ್ದರೂ ಸಾಮಾನ್ಯವಾಗಿ ಅದು ಮರಳಿ ಸಿಗುವುದಿಲ್ಲ, ಏಕೆಂದರೆ ವಲಸೆ ಪ್ರಕರಣಗಳಲ್ಲಿ ವಿಶೇಷ ಕಾರಣವಿಲ್ಲದೆ ವೆಚ್ಚ ಕೊಡಿಸುವ ಪದ್ಧತಿ ಇಲ್ಲ. ಅರ್ಜಿ ತುಂಬಿಕೊಟ್ಟ ವಲಸೆ ಸಲಹೆಗಾರರು ಎಷ್ಟೇ ಅನುಭವಿಗಳಾಗಿದ್ದರೂ ಫೆಡರಲ್ ಕೋರ್ಟ್‌ನಲ್ಲಿ ವಾದಿಸಲಾರರು. ಅಲ್ಲಿ ವಕೀಲರು ಬೇಕು, ಇಲ್ಲವೇ ಅರ್ಜಿದಾರರೇ ತಮ್ಮ ಪರವಾಗಿ ವಾದಿಸಬೇಕು. ಮಾಮೂಲು ದಾರಿಯಲ್ಲಿ ಮೊದಲು ಅನುಮತಿಯ ಹಂತ, ಅನುಮತಿ ಸಿಕ್ಕರೆ ವಿಚಾರಣೆ. ಒಟ್ಟು ಒಂದು ವರ್ಷ ದಾಟುತ್ತದೆ. ಅನುಮತಿ ಸಿಗದಿದ್ದರೆ ವಿಷಯ ಅಲ್ಲಿಗೇ ಮುಗಿಯಿತು, ಆ ನಿರಾಕರಣೆಗೆ ಮೇಲ್ಮನವಿಯಿಲ್ಲ.

ಈ ವಿಳಂಬವನ್ನು ಕಂಡೇ ಫೆಡರಲ್ ಕೋರ್ಟ್ 2024ರ ಅಕ್ಟೋಬರ್ 1ರಿಂದ ಸ್ಟಡಿ ಪರ್ಮಿಟ್ ಪ್ರಕರಣಗಳಿಗೆಂದೇ ಒಂದು ಪ್ರಾಯೋಗಿಕ ಯೋಜನೆ ಆರಂಭಿಸಿತು. ಇದರಲ್ಲಿ ಅನುಮತಿ ಮತ್ತು ಮುಖ್ಯ ಪ್ರಶ್ನೆ ಎರಡನ್ನೂ ಒಬ್ಬರೇ ನ್ಯಾಯಾಧೀಶರು, ಮೌಖಿಕ ವಿಚಾರಣೆಯಿಲ್ಲದೆ, ಲಿಖಿತ ವಾದಗಳ ಮೇಲೆ ಒಟ್ಟಿಗೆ ತೀರ್ಮಾನಿಸುತ್ತಾರೆ. ಹದಿನಾಲ್ಕರಿಂದ ಹದಿನೆಂಟು ತಿಂಗಳು ಹಿಡಿಯುತ್ತಿದ್ದದ್ದನ್ನು ಸುಮಾರು ಐದು ತಿಂಗಳಿಗೆ ಇಳಿಸುವುದು ನ್ಯಾಯಾಲಯ ಹೇಳಿಕೊಂಡ ಗುರಿ. ಎರಡೂ ಕಡೆಯವರು ಒಪ್ಪಬೇಕು, ಸಂಗತಿಗಳಲ್ಲಿ ತಕರಾರಿರಬಾರದು, ಸುಳ್ಳು ಮಾಹಿತಿಯಂಥ ಪ್ರವೇಶ ನಿಷೇಧದ ಪ್ರಶ್ನೆ ಇರಬಾರದು, ಮತ್ತು ಅರ್ಜಿ ಗಡುವಿನೊಳಗೆ ಬಂದಿರಬೇಕು. ನಮ್ಮ ಅರ್ಜಿದಾರಳ ಪ್ರಕರಣ ಈ ದಾರಿಗೆ ಹೇಳಿ ಮಾಡಿಸಿದಂತಿದೆ, ಏಕೆಂದರೆ ಅವಳ ವಾದವೆಲ್ಲ ಎರಡು ದಾಖಲೆ ಮತ್ತು ಒಂದು ಟಿಪ್ಪಣಿಯ ನಡುವಿನದ್ದು.

ಗೆದ್ದರೆ ಸಿಗುವುದೇನು ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ನ್ಯಾಯಾಲಯ ಪರ್ಮಿಟ್ ಕೊಡುವುದಿಲ್ಲ. ನಿರಾಕರಣೆಯನ್ನು ರದ್ದುಪಡಿಸಿ, ಬೇರೊಬ್ಬ ಅಧಿಕಾರಿ ಹೊಸದಾಗಿ ತೀರ್ಮಾನಿಸಲಿ ಎಂದು ಕಡತವನ್ನು ಹಿಂದಿರುಗಿಸುತ್ತದೆ. ದೋಷ ಸ್ಪಷ್ಟವಿದ್ದಾಗ ಸರ್ಕಾರದ ವಕೀಲರೇ ವಾದ ಮುಂದುವರಿಸದೆ ಇಂಥ ಮರುತೀರ್ಮಾನಕ್ಕೆ ಒಪ್ಪುವುದೂ ಸಾಮಾನ್ಯ. ಹೊಸ ಅಧಿಕಾರಿ ಮತ್ತೆ ನಿರಾಕರಿಸಬಹುದು, ಈ ಸಲ ಕಂಪನಿಯ ಪತ್ರವನ್ನು ಹೆಸರಿಸಿ ಅದು ಏಕೆ ಸಾಲದೆಂದು ಬರೆದೇ ನಿರಾಕರಿಸಬಹುದು. ಮಾರ್ಚ್‌ನಲ್ಲಿ ಪತ್ರ ಬಂದು ಏಪ್ರಿಲ್‌ನಲ್ಲಿ ನ್ಯಾಯಾಲಯಕ್ಕೆ ಹೋದವಳಿಗೆ ತೀರ್ಪು ಸೆಪ್ಟೆಂಬರ್ ಹೊತ್ತಿಗೆ ಬಂದರೆ ಆ ವರ್ಷದ ತರಗತಿ ಕೈತಪ್ಪಿರುತ್ತದೆ. ಆದ್ದರಿಂದ ಪ್ರವೇಶವನ್ನು ಮುಂದಿನ ಅವಧಿಗೆ ಮುಂದೂಡುವಂತೆ ಕಾಲೇಜನ್ನು ನಡುವೆಯೇ ಕೇಳಿಕೊಳ್ಳಬೇಕು, 2024ರಿಂದ ಬಹುತೇಕರಿಗೆ ಕಡ್ಡಾಯವಾಗಿರುವ ಪ್ರಾಂತ್ಯದ ದೃಢೀಕರಣ ಪತ್ರದ ಅವಧಿ ನೋಡಿಕೊಳ್ಳಬೇಕು, ಮರುತೀರ್ಮಾನಕ್ಕೆ ಕಡತ ಹೋದಾಗ ಹೊಸ ಪತ್ರಗಳನ್ನೂ ಹೊಸ ಬ್ಯಾಂಕ್ ವಿವರಗಳನ್ನೂ ಸಲ್ಲಿಸಬೇಕು.

ಹೊಸ ಅರ್ಜಿ ಹಾಕುವವರಿಗೆ ಶುಲ್ಕ 150 ಡಾಲರ್. ಹಿಂದಿನ ನಿರಾಕರಣೆಯನ್ನು ಅಲ್ಲಿ ಮರೆಮಾಚದೆ ಹೇಳಲೇಬೇಕು. ಹೊಸ ಅರ್ಜಿ ಮತ್ತು ನ್ಯಾಯಾಲಯ ಎರಡನ್ನೂ ಒಟ್ಟಿಗೆ ನಡೆಸಲು ಅಡ್ಡಿಯಿಲ್ಲ. ಹೊಸ ಅರ್ಜಿಯನ್ನು ಬರೆಯುವಾಗ ಟಿಪ್ಪಣಿಯ ಒಂದೊಂದು ಆಕ್ಷೇಪಕ್ಕೂ ಯಾವ ಪುಟದಲ್ಲಿ ಉತ್ತರವಿದೆ ಎಂದು ಅಧ್ಯಯನ ಯೋಜನೆಯಲ್ಲೇ ಸೂಚಿಸುವುದು ಬಹಳ ಪ್ರಯೋಜನಕಾರಿ. ಅಧಿಕಾರಿ ಓದಿದರೆ ಅನುಮಾನ ಪರಿಹಾರವಾಗುತ್ತದೆ. ಓದದೆ ಹಳೆಯ ವಾಕ್ಯವನ್ನೇ ಮತ್ತೆ ಬರೆದರೆ, ಪುಟಸಂಖ್ಯೆ ಸಹಿತ ತೋರಿಸಿದ ದಾಖಲೆಯನ್ನು ಕಡೆಗಣಿಸಿದ್ದಾರೆ ಎಂಬ ವಾದ ನ್ಯಾಯಾಲಯದಲ್ಲಿ ಎರಡರಷ್ಟು ಗಟ್ಟಿಯಾಗುತ್ತದೆ.

ಈಗಾಗಲೇ ಕೆನಡಾದಲ್ಲಿ ಓದುತ್ತಿದ್ದು, ಪರ್ಮಿಟ್ ವಿಸ್ತರಣೆ ನಿರಾಕರಣೆಯಾದವರ ಸ್ಥಿತಿ ಇನ್ನೂ ತುರ್ತಿನದು. ಹಳೆಯ ಪರ್ಮಿಟ್ ಮುಗಿಯುವ ಮೊದಲೇ ವಿಸ್ತರಣೆಗೆ ಅರ್ಜಿ ಹಾಕಿದ್ದರೆ ತೀರ್ಮಾನ ಬರುವವರೆಗೆ ಅವರ ವಾಸ್ತವ್ಯ ಸಕ್ರಮ. ಅಷ್ಟರಲ್ಲಿ ಹಳೆಯ ಪರ್ಮಿಟ್‌ನ ಅವಧಿ ತೀರಿದ್ದರೆ, ನಿರಾಕರಣೆಯ ದಿನವೇ ಆ ರಕ್ಷಣೆ ಬಿದ್ದುಹೋಗುತ್ತದೆ, ಮತ್ತು ತರಗತಿಗೆ ಹೋಗುವುದನ್ನು ನಿಲ್ಲಿಸಬೇಕಾಗುತ್ತದೆ. ವಿದ್ಯಾರ್ಥಿ ಸ್ಥಾನಮಾನವನ್ನು ಮರಳಿ ಪಡೆಯಲು 182ನೇ ನಿಯಮದಡಿ 90 ದಿನಗಳೊಳಗೆ ಅರ್ಜಿ ಹಾಕಬಹುದು, ಆದರೆ ಅದು ಮಂಜೂರಾಗುವವರೆಗೆ ಓದು ಮುಂದುವರಿಸುವಂತಿಲ್ಲ. ಈ 90 ದಿನಗಳನ್ನು ಕಂಡು ಸಮಾಧಾನವಾಗಿರುವವರು ನ್ಯಾಯಾಲಯಕ್ಕೆ ಹೋಗಲು ಇರುವ 15 ದಿನಗಳು ಅದರೊಳಗೇ ಮುಗಿದುಹೋಗುವುದನ್ನು ಗಮನಿಸುವುದಿಲ್ಲ. ಅವರು ಮೊದಲ ವಾರದಲ್ಲೇ ಟಿಪ್ಪಣಿಯನ್ನು ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೋ ವಕೀಲರಿಗೋ ತೋರಿಸಬೇಕು. ಟಿಪ್ಪಣಿ ಕೈಯಲ್ಲಿಲ್ಲದಿದ್ದರೆ ನಿರಾಕರಣೆ ಪತ್ರವನ್ನೂ ತಾವು ಸಲ್ಲಿಸಿದ ಅರ್ಜಿಯ ಪೂರ್ತಿ ಪ್ರತಿಯನ್ನೂ ಒಯ್ದು, ಗಡುವಿನೊಳಗೆ ಅನುಮತಿ ಅರ್ಜಿಯನ್ನು ಸಲ್ಲಿಸಿಬಿಡುವುದೇ ಸುರಕ್ಷಿತ. ಬೇಡವೆನಿಸಿದರೆ ಅದನ್ನು ಆಮೇಲೆ ಹಿಂತೆಗೆದುಕೊಳ್ಳಬಹುದು.